ಕೆಟ್ಟ ತಿಂಗಳು ಜನವರಿಯಲ್ಲ

ಏಪ್ರಿಲ್ ಮೊದಲ ವಾರ ದಾವಣಗೆರೆಯಿಂದ ಅಕ್ಕ ಫೋನ್ ಮಾಡಿದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಲೆಕ್ಕ ಅಂದರೆ ಹೆದರುವವಳಲ್ಲ. ಆದರೆ ಆವತ್ತು ದನಿಯಲ್ಲಿ ಗಾಬರಿ ಇತ್ತು. "ಜನವರಿ ಒಂದೇ ತಿಂಗಳಲ್ಲಿ ನನ್ನ ದುಡ್ಡು ನೂರಕ್ಕೆ ಹದಿನಾರು ಕರಗಿದೆ ಕಣೋ. ಇಷ್ಟು ಏರಿಳಿತ ನನ್ನ ಕೈಲಿ ತಡೆಯೋಕಾಗಲ್ಲ. ಎಲ್ಲಾ ತೆಗೆದು ಎಫ್‌ಡಿಗೆ ಹಾಕಿಬಿಡಲಾ?"

ಅವಳ ಹೂಡಿಕೆ ನನಗೆ ಗೊತ್ತು. ಹನ್ನೊಂದು ಲಕ್ಷದ ಆಸುಪಾಸು. ಅದರಲ್ಲಿ ಏಳು ಲಕ್ಷ ಷೇರು ಮ್ಯೂಚುವಲ್ ಫಂಡುಗಳಲ್ಲಿ, ಎರಡೂವರೆ ಲಕ್ಷದಷ್ಟು ಎಫ್‌ಡಿಯಲ್ಲಿ, ಉಳಿದದ್ದು ಚಿನ್ನದ ಬಾಂಡಿನಲ್ಲಿ. ಪ್ರತಿ ತಿಂಗಳು 10ನೇ ತಾರೀಕು 20,000 ರೂಪಾಯಿ ಎಸ್‌ಐಪಿ. ಇಂಥ ಹೂಡಿಕೆ ಒಂದೇ ತಿಂಗಳಲ್ಲಿ ಶೇ 16 ಬೀಳಬೇಕಾದರೆ ಮಾರುಕಟ್ಟೆಯಲ್ಲಿ ದೊಡ್ಡ ಅನಾಹುತವೇ ಆಗಿರಬೇಕು. ಆ ಜನವರಿಯಲ್ಲಿ ಅಂಥದ್ದೇನೂ ಆಗಿರಲಿಲ್ಲ. ಲೆಕ್ಕದ ಹಾಳೆ ಕಳಿಸು ಅಂದೆ.

ಹಾಳೆ ಅಚ್ಚುಕಟ್ಟಾಗಿತ್ತು. ಮೊದಲ ಸಾಲಿನಲ್ಲಿ ತಿಂಗಳು, ಎರಡನೆಯದರಲ್ಲಿ ತಿಂಗಳ ಕೊನೆಯ ದಿನದ ಒಟ್ಟು ಮೌಲ್ಯ, ಮೂರನೆಯದರಲ್ಲಿ ಹಿಂದಿನ ತಿಂಗಳಿಗಿಂತ ಎಷ್ಟು ಶೇಕಡ ಹೆಚ್ಚು ಅಥವಾ ಕಡಿಮೆ ಎಂಬುದು. ಕೆಳಗೆ ಮಾನಕ ವಿಚಲನೆ ಶೇ 6.2, ಕೆಟ್ಟ ತಿಂಗಳು ಜನವರಿ, ಶೇ 16.6 ನಷ್ಟ. ಕೂಡಿದ್ದು, ಭಾಗಿಸಿದ್ದು, ವರ್ಗಮೂಲ ತೆಗೆದದ್ದು ಎಲ್ಲವೂ ಸರಿ. ತಪ್ಪಿದ್ದು ಅದಕ್ಕೂ ಮೊದಲು, ಆ ಹನ್ನೆರಡು ಅಂಕಿಗಳಲ್ಲೇ.

ನಮ್ಮ ಹೂಡಿಕೆ ಎಷ್ಟು ಗಳಿಸಿತು ಎಂದು ನೋಡುವುದು ಈಗ ಎಲ್ಲರಿಗೂ ಅಭ್ಯಾಸವಾಗಿದೆ. ಮೊಬೈಲಿನ ಆ್ಯಪ್ ತೆರೆದರೆ ಎಕ್ಸ್‌ಐಆರ್‌ಆರ್ ಎಂಬ ಹೆಸರಿನಲ್ಲಿ ವರ್ಷದ ಲಾಭದ ದರ ಕಾಣುತ್ತದೆ. ಅಲ್ಲಿಗೆ ತಲುಪುವ ದಾರಿಯಲ್ಲಿ ದುಡ್ಡು ಎಷ್ಟು ಕುಲುಕಾಡಿತು ಎಂಬುದನ್ನು ಮಾತ್ರ ಆ ಒಂದು ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ತಿಂಗಳು ತಿಂಗಳ ಗಳಿಕೆ. ಹನ್ನೆರಡು ತಿಂಗಳ ಹನ್ನೆರಡು ಅಂಕಿ ಸಿಕ್ಕರೆ ಏರಿಳಿತದ ಪ್ರಮಾಣವನ್ನೂ ಅತಿ ಕೆಟ್ಟ ತಿಂಗಳನ್ನೂ ಅರ್ಧ ಗಂಟೆಯಲ್ಲಿ ಮನೆಯಲ್ಲೇ ತೆಗೆಯಬಹುದು. ಆದರೆ ಆ ಅಂಕಿಗಳು ಶುದ್ಧವಾಗಿರಬೇಕು. ಈ ಕೆಲಸದಲ್ಲಿ ನಿಜವಾದ ಶ್ರಮ ಇರುವುದು ಅದೊಂದರಲ್ಲೇ.

ಬಂದ ಹಣ, ಹೋದ ಹಣ

ಅಕ್ಕನಿಗೆ ಕೇಳಿದ ಮೊದಲ ಪ್ರಶ್ನೆ: "ಜನವರಿಯಲ್ಲಿ ಏನಾದರೂ ದುಡ್ಡು ತೆಗೆದಿದ್ದೆಯಾ?"

"ಹೌದಲ್ಲ, ಪುಟ್ಟಿಯ ಕಾಲೇಜು ಫೀಸಿಗೆ ಎರಡು ಲಕ್ಷ ತೆಗೆದೆ. ಇಪ್ಪತ್ತನೇ ತಾರೀಕು." ಒಂದು ಕ್ಷಣ ಮೌನ. "ಅಯ್ಯೋ, ಅದು ನಷ್ಟ ಅಲ್ಲ!"

ಅಲ್ಲವೇ ಅಲ್ಲ. ಡಿಸೆಂಬರ್ ಕೊನೆಗೆ ಅವಳ ಹೂಡಿಕೆಯ ಮೌಲ್ಯ 12,19,800 ರೂಪಾಯಿ. ಜನವರಿ ಕೊನೆಗೆ 10,17,700. ಕಡಿಮೆಯಾದದ್ದು 2,02,100. ಅದನ್ನು ಡಿಸೆಂಬರಿನ ಮೊತ್ತದಿಂದ ಭಾಗಿಸಿದ್ದಕ್ಕೆ ಶೇ 16.6 ನಷ್ಟ ಎಂದು ಬಂತು. ಆದರೆ ಎರಡು ಲಕ್ಷ ಕಾಲೇಜಿಗೆ ಹೋಗಿದೆ, ಇಪ್ಪತ್ತು ಸಾವಿರ ಎಸ್‌ಐಪಿಯಾಗಿ ಒಳಗೆ ಬಂದಿದೆ. ಇವೆರಡನ್ನೂ ಪಕ್ಕಕ್ಕಿಟ್ಟರೆ ಮಾರುಕಟ್ಟೆಯಿಂದ ಆದ ನಷ್ಟ 22,100 ರೂಪಾಯಿ ಮಾತ್ರ.

ಈ 22,100ನ್ನು ಯಾವ ಮೊತ್ತದಿಂದ ಭಾಗಿಸಬೇಕು? ತಿಂಗಳ ಆರಂಭದ 12,19,800ರಿಂದ ಎಂದರೆ ಪೂರ್ತಿ ಸರಿಯಲ್ಲ, ಏಕೆಂದರೆ ಆ ಹಣವೆಲ್ಲ ತಿಂಗಳಿಡೀ ಅಲ್ಲಿರಲಿಲ್ಲ. 10ನೇ ತಾರೀಕು ಬಂದ ಇಪ್ಪತ್ತು ಸಾವಿರ 31 ದಿನಗಳಲ್ಲಿ 21 ದಿನ ಕೆಲಸ ಮಾಡಿತು, ಹಾಗಾಗಿ ಅದರಲ್ಲಿ 21/31 ಪಾಲು, ಅಂದರೆ 13,548 ಸೇರಿಸಬೇಕು. 20ನೇ ತಾರೀಕು ಹೋದ ಎರಡು ಲಕ್ಷ ಕೊನೆಯ 11 ದಿನ ಇರಲಿಲ್ಲ, ಹಾಗಾಗಿ 11/31 ಪಾಲು, 70,968 ಕಳೆಯಬೇಕು. ಉಳಿಯುವುದು 11,62,380. ಇದು ಆ ತಿಂಗಳು ಸರಾಸರಿಯಾಗಿ ದುಡಿದ ಬಂಡವಾಳ. 22,100ನ್ನು ಇದರಿಂದ ಭಾಗಿಸಿದರೆ ಶೇ 1.9. ಅಕ್ಕನ ಜನವರಿಯ ನಿಜವಾದ ನಷ್ಟ ಇಷ್ಟೇ.

ಈ ವಿಧಾನಕ್ಕೆ ಹೂಡಿಕೆಯ ಲೋಕದಲ್ಲಿ ಮಾಡಿಫೈಡ್ ಡೀಟ್ಜ್ ಎಂದು ಹೆಸರು. ಹೆಸರು ಮರೆತರೂ ಚಿಂತೆಯಿಲ್ಲ. ನೆನಪಿಡಬೇಕಾದದ್ದು ಇಷ್ಟು: ಮೇಲಿನ ಅಂಕಿಯಿಂದ ನೀವೇ ಹಾಕಿದ ಮತ್ತು ತೆಗೆದ ಹಣವನ್ನು ಬೇರ್ಪಡಿಸಬೇಕು, ಕೆಳಗಿನ ಅಂಕಿಯಲ್ಲಿ ಅದನ್ನು ಇದ್ದ ದಿನಗಳಿಗೆ ತಕ್ಕಂತೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜನವರಿಯ ತಪ್ಪು ದೊಡ್ಡದಾದ್ದರಿಂದ ಕಣ್ಣಿಗೆ ಬಿತ್ತು. ನನಗೆ ಹೆಚ್ಚು ಅಪಾಯಕಾರಿ ಎನಿಸುವುದು ಉಳಿದ ತಿಂಗಳುಗಳ ಸಣ್ಣ ತಪ್ಪು. ಅಕ್ಟೋಬರ್ ನೋಡಿ. ಆರಂಭದಲ್ಲಿ 12,00,000, ಕೊನೆಗೆ 11,65,390. ಅಕ್ಕನ ಹಾಳೆಯಲ್ಲಿ ಶೇ 2.9 ನಷ್ಟ ಎಂದಿತ್ತು. ಆದರೆ ಆ ಕೊನೆಯ ಮೊತ್ತದೊಳಗೆ ಹೊಸದಾಗಿ ಹಾಕಿದ ಇಪ್ಪತ್ತು ಸಾವಿರವೂ ಸೇರಿಕೊಂಡಿದೆ. ಅದನ್ನು ಬಿಟ್ಟರೆ ನಷ್ಟ 34,610 ಅಲ್ಲ, 54,610. ಶೇಕಡದಲ್ಲಿ 4.5. ಎಸ್‌ಐಪಿಯ ಹಣ ಅಕ್ಟೋಬರಿನ ಗಾಯವನ್ನು ಮುಚ್ಚಿಟ್ಟಿತ್ತು. ಮೇ, ಆಗಸ್ಟ್, ನವೆಂಬರ್ ತಿಂಗಳುಗಳಂತೂ ಅವಳ ಹಾಳೆಯಲ್ಲಿ ಲಾಭದ ತಿಂಗಳುಗಳಾಗಿ ಕಾಣುತ್ತಿದ್ದವು. ಸರಿಪಡಿಸಿದಾಗ ಮೂರೂ ನಷ್ಟಕ್ಕೆ ಇಳಿದವು.

ಇಲ್ಲೊಂದು ಸೂಕ್ಷ್ಮವಿದೆ. ಪ್ರತಿ ತಿಂಗಳು ಒಂದೇ ಮೊತ್ತ ಸೇರುತ್ತಿದ್ದರೆ ಎಲ್ಲ ಅಂಕಿಗಳೂ ಸುಮಾರು ಒಂದೇ ಪ್ರಮಾಣದಲ್ಲಿ ಮೇಲಕ್ಕೆ ಜರುಗುತ್ತವೆ. ಆಗ ಅವುಗಳ ನಡುವಿನ ಹರವು ಹೆಚ್ಚು ಬದಲಾಗುವುದಿಲ್ಲ, ಏರಿಳಿತದ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಸುಳ್ಳಾಗುವುದು ಸರಾಸರಿ ಮತ್ತು ಕೆಟ್ಟ ತಿಂಗಳು. ಬೋನಸ್ ಬಂದಾಗ ಒಮ್ಮೆಗೇ ಹಾಕಿದ್ದು, ಮದುವೆಗೋ ಫೀಸಿಗೋ ಒಮ್ಮೆಗೇ ತೆಗೆದದ್ದು ಇದ್ದರೆ ಮಾತ್ರ ಎಲ್ಲವೂ ಕೆಡುತ್ತದೆ. ಏರಿಳಿತದ ಸಂಖ್ಯೆ ನಿಮಗೆ ಅಸಹಜವಾಗಿ ದೊಡ್ಡದು ಎನಿಸಿದರೆ ಮೊದಲು ಹುಡುಕಬೇಕಾದದ್ದು ಇಂಥ ಒಂದು ದೊಡ್ಡ ಜಮೆ ಅಥವಾ ಹಿಂತೆಗೆತವನ್ನು.

ತಿಂಗಳ ಕೊನೆಯ ಮೌಲ್ಯ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಡಿಪಾಸಿಟರಿಗಳಿಂದ ಇಮೇಲಿಗೆ ಬರುವ ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟ್, ಬಳಕೆಯ ಮಾತಿನಲ್ಲಿ ಕ್ಯಾಸ್, ಇದಕ್ಕೆ ಒಳ್ಳೆಯ ಮೂಲ. ಅದರಲ್ಲಿ ನಿಮ್ಮ ಪ್ಯಾನ್ ಸಂಖ್ಯೆಯಡಿ ಇರುವ ಫಂಡು, ಷೇರುಗಳ ಮೌಲ್ಯ ಒಟ್ಟಿಗೆ ಸಿಗುತ್ತದೆ. ಹಾಕಿದ, ತೆಗೆದ ಹಣದ ತಾರೀಕುಗಳೂ ಅಲ್ಲೇ ಇರುತ್ತವೆ. ಕೊನೆಯ ದಿನ ರಜೆಯಾಗಿದ್ದರೆ ಅದಕ್ಕೂ ಹಿಂದಿನ ವಹಿವಾಟಿನ ದಿನದ ಎನ್‌ಎವಿ ತೆಗೆದುಕೊಳ್ಳಿ. ಎಲ್ಲ ತಿಂಗಳಿಗೂ ಒಂದೇ ನಿಯಮ ಇರಲಿ, ಅಷ್ಟು ಸಾಕು. ಒಂದು ತಿಂಗಳು 28ನೇ ತಾರೀಕು, ಇನ್ನೊಂದು ತಿಂಗಳು 3ನೇ ತಾರೀಕು ಎಂದು ಬಿಡುವಾದಾಗ ಬರೆದುಕೊಂಡ ಮೌಲ್ಯಗಳು ಈ ಲೆಕ್ಕಕ್ಕೆ ಬಾರವು.

ಎಫ್‌ಡಿಯ ವಿಷಯದಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಅವಧಿ ಮುಗಿಯುವವರೆಗೆ ಅಸಲನ್ನೇ ಬರೆಯುತ್ತಾ ಹೋಗಿ, ಕೊನೆಗೆ ಬಡ್ಡಿಯೆಲ್ಲ ಸೇರಿಸಿದರೆ ಆ ಒಂದು ತಿಂಗಳು ಲಾಭ ಚಿಮ್ಮಿದಂತೆ ಕಾಣುತ್ತದೆ. ಅಕ್ಕನ 2,60,000ಕ್ಕೆ ಶೇ 7 ಬಡ್ಡಿ ಎಂದರೆ ತಿಂಗಳಿಗೆ 1,500 ರೂಪಾಯಿಯಷ್ಟು. ಅದನ್ನು ತಿಂಗಳು ತಿಂಗಳೂ ಸೇರಿಸುತ್ತಾ ಹೋಗಬೇಕು. ಪಿಪಿಎಫ್ ಇರುವವರಿಗೂ ಇದೇ ಮಾತು, ಅಲ್ಲಿ ಬಡ್ಡಿ ಖಾತೆಗೆ ಸೇರುವುದು ವರ್ಷಕ್ಕೊಮ್ಮೆ, ಮಾರ್ಚ್ ಕೊನೆಗೆ. ಫಂಡಿನಿಂದಲೋ ಷೇರಿನಿಂದಲೋ ಡಿವಿಡೆಂಡ್ ಬ್ಯಾಂಕಿಗೆ ಬಂದಿದ್ದರೆ ಅದು ಗಳಿಕೆಯೇ. ಅದನ್ನು ನೀವು ತೆಗೆದ ಹಣದ ಲೆಕ್ಕಕ್ಕೆ ಹಾಕಿ, ಇಲ್ಲದಿದ್ದರೆ ಆ ತಿಂಗಳು ಸುಮ್ಮನೆ ನಷ್ಟ ಕಾಣುತ್ತದೆ.

ಹನ್ನೆರಡು ಅಂಕಿ, ಒಂದು ಸಂಖ್ಯೆ

ಸಂಜೆ ಅಕ್ಕ ಎಲ್ಲ ತಿಂಗಳನ್ನೂ ಹೊಸದಾಗಿ ತೆಗೆದು ಕಳಿಸಿದಳು. ಎರಡನೆಯ ಸಾಲು ತಿಂಗಳ ಗಳಿಕೆ, ಮೂರನೆಯದು ಸರಾಸರಿಯಿಂದ ಅದು ಎಷ್ಟು ದೂರ ಎಂಬುದು.

| ತಿಂಗಳು | ಗಳಿಕೆ, ಶೇ | ಸರಾಸರಿಯಿಂದ ದೂರ |
|---|---|---|
| ಏಪ್ರಿಲ್ | 2.6 | 2.1 |
| ಮೇ | -0.8 | -1.3 |
| ಜೂನ್ | 3.6 | 3.1 |
| ಜುಲೈ | 2.4 | 1.9 |
| ಆಗಸ್ಟ್ | -1.2 | -1.7 |
| ಸೆಪ್ಟೆಂಬರ್ | 2.6 | 2.1 |
| ಅಕ್ಟೋಬರ್ | -4.5 | -5.0 |
| ನವೆಂಬರ್ | -0.6 | -1.1 |
| ಡಿಸೆಂಬರ್ | 1.8 | 1.3 |
| ಜನವರಿ | -1.9 | -2.4 |
| ಫೆಬ್ರುವರಿ | -2.7 | -3.2 |
| ಮಾರ್ಚ್ | 4.7 | 4.2 |

ಎರಡನೆಯ ಸಾಲು ಕೂಡಿದರೆ 6.0. ಹನ್ನೆರಡರಿಂದ ಭಾಗಿಸಿದರೆ ಸರಾಸರಿ 0.5. ಪ್ರತಿ ತಿಂಗಳಿನಿಂದ ಈ 0.5 ಕಳೆದದ್ದೇ ಮೂರನೆಯ ಸಾಲು. ಅದನ್ನು ಹಾಗೆಯೇ ಕೂಡಿದರೆ ಸೊನ್ನೆ ಬರುತ್ತದೆ, ಹೆಚ್ಚೂ ಕಡಿಮೆಯೂ ಒಂದನ್ನೊಂದು ನುಂಗಿಹಾಕುತ್ತವೆ. ಹಾಗಾಗಿ ಪ್ರತಿಯೊಂದನ್ನೂ ವರ್ಗ ಮಾಡಿ ಕೂಡಬೇಕು. 2.1ರ ವರ್ಗ 4.41, 1.3ರ ವರ್ಗ 1.69, ಹೀಗೆ ಹನ್ನೆರಡನ್ನೂ ಕೂಡಿದಾಗ 88.16. ಇದನ್ನು 11ರಿಂದ ಭಾಗಿಸಿದರೆ 8.01. ಅದರ ವರ್ಗಮೂಲ 2.83. ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ನೆನಪಿರುವ ಮಾನಕ ವಿಚಲನೆ ಇದೇ. ಅಕ್ಕನ ಹೂಡಿಕೆ ತಿಂಗಳ ಲೆಕ್ಕದಲ್ಲಿ ತನ್ನ ಸರಾಸರಿಯಿಂದ ಆಚೆ ಈಚೆ ಸಾಮಾನ್ಯವಾಗಿ ಶೇ 2.8ರಷ್ಟು ಓಲಾಡುತ್ತದೆ. ಹಳೆಯ ಹಾಳೆಯ 6.2ರ ಅರ್ಧಕ್ಕಿಂತ ಕಡಿಮೆ. ಎಲ್ಲವನ್ನೂ ಎಫ್‌ಡಿಗೆ ಹಾಕಲು ಹೊರಟಿದ್ದು ಇಲ್ಲದ ಏರಿಳಿತಕ್ಕೆ ಹೆದರಿ.

ಹನ್ನೆರಡು ಅಂಕಿ ಇರುವಾಗ 11ರಿಂದ ಏಕೆ ಭಾಗಿಸುವುದು ಎಂಬ ಪ್ರಶ್ನೆ ಸಹಜ. ದೂರ ಅಳೆಯಲು ಬಳಸಿದ ಸರಾಸರಿಯನ್ನು ಅವೇ ಹನ್ನೆರಡು ಅಂಕಿಗಳಿಂದ ತೆಗೆದಿದ್ದೇವೆ. ಅದು ಸಹಜವಾಗಿಯೇ ಆ ಅಂಕಿಗಳ ನಟ್ಟನಡುವೆ ಕೂರುತ್ತದೆ, ಹಾಗಾಗಿ ದೂರಗಳು ನಿಜಕ್ಕಿಂತ ಸ್ವಲ್ಪ ಚಿಕ್ಕದಾಗಿ ಕಾಣುತ್ತವೆ. 12ರ ಬದಲು 11ರಿಂದ ಭಾಗಿಸುವುದು ಆ ಕೊರತೆಯನ್ನು ತುಂಬಲು. 12ರಿಂದ ಭಾಗಿಸಿದ್ದರೆ 2.71 ಬರುತ್ತಿತ್ತು.

ಕೈಯಲ್ಲಿ ಒಮ್ಮೆ ಮಾಡಿ ನೋಡಿದ ಮೇಲೆ ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್‌ಗೆ ಒಪ್ಪಿಸಬಹುದು. ತಿಂಗಳುಗಳು A2ರಿಂದ A13, ಗಳಿಕೆಗಳು C2ರಿಂದ C13 ಇದ್ದರೆ:

```
=COUNT(C2:C13)
=STDEV.S(C2:C13)
=STDEV.S(C2:C13)*SQRT(12)
=MIN(C2:C13)
=INDEX(A2:A13, MATCH(MIN(C2:C13), C2:C13, 0))
```

ಮೊದಲ ಸಾಲು ಬೇಡವೆನಿಸಬಹುದು, ಆದರೆ ಅದನ್ನು ಬಿಡಬೇಡಿ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದಾಗ ಋಣ ಚಿಹ್ನೆಯ ಜಾಗದಲ್ಲಿ ಉದ್ದದ ಗೆರೆ ಬಂದುಬಿಡುತ್ತದೆ. ನೋಡುವವರಿಗೆ ಅದು ನಷ್ಟದ ಅಂಕಿಯೇ, ಹಾಳೆಗೆ ಅದು ಬರಿಯ ಅಕ್ಷರ. ಅಂಥ ಕೋಶವನ್ನು ಸೂತ್ರಗಳು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಹಾಗೆ ಬಿಟ್ಟುಹೋಗುವುದು ಹೆಚ್ಚಾಗಿ ನಷ್ಟದ ತಿಂಗಳೇ. ಮೊದಲ ಸಾಲಿನ ಉತ್ತರ 12 ಬಂದರೆ ಮುಂದೆ ಹೋಗಿ, 11 ಬಂದರೆ ಎಲ್ಲೋ ಒಂದು ತಿಂಗಳು ಲೆಕ್ಕದಿಂದ ಜಾರಿದೆ.

ಮೂರನೆಯ ಸಾಲಿನಲ್ಲಿ 12ರ ವರ್ಗಮೂಲ, ಸುಮಾರು 3.46, ಬಂದಿದೆ. ಫಂಡುಗಳ ಏರಿಳಿತವನ್ನು ಸಾಮಾನ್ಯವಾಗಿ ವರ್ಷದ ಲೆಕ್ಕದಲ್ಲಿ ಹೇಳುವುದರಿಂದ ಹೋಲಿಕೆಗೆ ಇದು ಬೇಕು. 2.83ನ್ನು 3.46ರಿಂದ ಗುಣಿಸಿದರೆ ಅಕ್ಕನದು ವರ್ಷಕ್ಕೆ ಶೇ 9.8. ಹನ್ನೆರಡರಿಂದಲೇ ಗುಣಿಸದಿರುವುದಕ್ಕೆ ಕಾರಣ, ಏರಿದ ತಿಂಗಳೂ ಇಳಿದ ತಿಂಗಳೂ ಭಾಗಶಃ ಒಂದನ್ನೊಂದು ಸರಿದೂಗಿಸುತ್ತವೆ. ಒಂದು ತಿಂಗಳ ಗತಿಗೂ ಮುಂದಿನದಕ್ಕೂ ಸಂಬಂಧವಿಲ್ಲ ಎಂಬ ಊಹೆಯ ಮೇಲೆ ಈ ವರ್ಗಮೂಲ ನಿಂತಿದೆ. ನಷ್ಟದ ತಿಂಗಳುಗಳು ಸಾಲಾಗಿ ಬಂದಾಗ ಆ ಊಹೆ ಸಡಿಲವಾಗುತ್ತದೆ.

ಕೆಟ್ಟ ತಿಂಗಳು ಮತ್ತು ಕೆಟ್ಟ ಕಾಲ

ಅಕ್ಕನ ನಿಜವಾದ ಕೆಟ್ಟ ತಿಂಗಳು ಅಕ್ಟೋಬರ್, ಶೇ 4.5 ನಷ್ಟ. ಇದನ್ನು ರೂಪಾಯಿಯಲ್ಲೂ ಬರೆದಿಡು ಅಂದೆ: 54,610. ಶೇಕಡವನ್ನು ಓದುವಾಗ ಆಗದ ಸಂಕಟ ರೂಪಾಯಿಯನ್ನು ಓದುವಾಗ ಆಗುತ್ತದೆ, ತಡೆದುಕೊಳ್ಳಬಲ್ಲೆನೇ ಎಂಬುದಕ್ಕೆ ಪ್ರಾಮಾಣಿಕ ಉತ್ತರ ಅಲ್ಲಿ ಸಿಗುತ್ತದೆ. ಸ್ವಲ್ಪ ಯೋಚಿಸಿ ಅವಳು ಹೇಳಿದ್ದು, "ಇದು ತಡೆಯಬಹುದು."

ಆದರೆ ಕೆಟ್ಟ ತಿಂಗಳಿಗೂ ಕೆಟ್ಟ ಕಾಲಕ್ಕೂ ವ್ಯತ್ಯಾಸವಿದೆ. ಏಪ್ರಿಲ್ ಆರಂಭದಲ್ಲಿ 100 ರೂಪಾಯಿ ಇತ್ತು ಎಂದುಕೊಂಡು ಒಂದೊಂದೇ ತಿಂಗಳ ಗಳಿಕೆಯನ್ನು ಅದರ ಮೇಲೆ ಹಾಕುತ್ತಾ ಬನ್ನಿ. ಸೆಪ್ಟೆಂಬರ್ ಕೊನೆಗೆ ಅದು 109.45 ಆಗುತ್ತದೆ. ಅಕ್ಟೋಬರಿನ ಪೆಟ್ಟಿಗೆ 104.53ಕ್ಕೆ ಇಳಿಯುತ್ತದೆ. ನವೆಂಬರಿನಲ್ಲಿ ಇನ್ನೊಂದಿಷ್ಟು ಸವೆದು, ಡಿಸೆಂಬರಿನಲ್ಲಿ ತುಸು ಚೇತರಿಸಿಕೊಂಡು, ಜನವರಿ ಫೆಬ್ರುವರಿಯಲ್ಲಿ ಮತ್ತೆ ಕುಸಿದು 100.96ಕ್ಕೆ ಬಂದು ನಿಲ್ಲುತ್ತದೆ. ಶಿಖರದಿಂದ ತಳಕ್ಕೆ ಶೇ 7.8 ಇಳಿತ. ಯಾವ ಒಂದು ತಿಂಗಳೂ ಶೇ 4.5ಕ್ಕಿಂತ ಹೆಚ್ಚು ಬೀಳದಿದ್ದರೂ ಐದು ತಿಂಗಳಲ್ಲಿ ಆರು ತಿಂಗಳ ಗಳಿಕೆ ಬಹುಪಾಲು ಹೋಗಿಬಿಟ್ಟಿತ್ತು. ಮಾರ್ಚ್‌ನ ಜಿಗಿತದಿಂದ ವರ್ಷ 105.70ಕ್ಕೆ ಮುಗಿಯಿತು. ಹೂಡಿಕೆ ಮಾಡುವವರನ್ನು ಕಂಗೆಡಿಸುವುದು ಒಂದು ತಿಂಗಳ ಪೆಟ್ಟಿಗಿಂತ ಹೆಚ್ಚಾಗಿ ಇಂಥ ನಿಧಾನದ ಇಳಿಜಾರು ಎಂಬುದು ನನ್ನ ಅನುಭವ. ಮಾನಕ ವಿಚಲನೆಗೆ ತಿಂಗಳುಗಳ ಕ್ರಮ ತಿಳಿಯದು, ಹನ್ನೆರಡನ್ನೂ ಕಲಸಿ ಇಟ್ಟರೂ ಅದೇ 2.83. ಹಾಗಾಗಿ ನೂರು ರೂಪಾಯಿಯ ಈ ಪಯಣವನ್ನು ನಾಲ್ಕನೆಯ ಸಾಲಾಗಿ ಬರೆದಿಡುವುದು ಒಳ್ಳೆಯದು.

ಇನ್ನೊಂದು ಮಿತಿ ತಿಂಗಳ ಲೆಕ್ಕದಲ್ಲೇ ಇದೆ. ತಿಂಗಳ ನಡುವೆ ಏನಾಯಿತೆಂದು ಅದಕ್ಕೆ ಕಾಣುವುದಿಲ್ಲ. 2020ರ ಮಾರ್ಚ್ ನೆನಪಿಸಿಕೊಳ್ಳಿ. ನಿಫ್ಟಿ 50 ಸೂಚ್ಯಂಕ ಫೆಬ್ರುವರಿ ಕೊನೆಗೆ 11,201.75 ಇತ್ತು. ಮಾರ್ಚ್ 23ರಂದು 7,610.25ಕ್ಕೆ ಬಿತ್ತು, ಶೇ 32 ಕುಸಿತ. ತಿಂಗಳ ಕೊನೆಯ ದಿನಕ್ಕೆ 8,597.75ಕ್ಕೆ ಚೇತರಿಸಿಕೊಂಡಿತ್ತು. ತಿಂಗಳ ಕೊನೆಯ ಅಂಕಿ ಮಾತ್ರ ಇಟ್ಟುಕೊಂಡವರ ಹಾಳೆಯಲ್ಲಿ ಆ ಮಾರ್ಚ್ ಶೇ 23ರ ನಷ್ಟ.

ಹನ್ನೆರಡು ತಿಂಗಳಿಗೆ ಗೊತ್ತಿಲ್ಲದ್ದು

ಇನ್ನು ಈ ಲೆಕ್ಕವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ. ಇದನ್ನು ನಿಫ್ಟಿಯಲ್ಲೇ ನೋಡೋಣ, ಅದರ ಅಂಕಿಗಳು ಎಲ್ಲರ ಎದುರಿಗೂ ಇವೆ.

2017 ಶಾಂತವಾದ ವರ್ಷ. ನಿಫ್ಟಿ 8,185.80ರಿಂದ 10,530.70ಕ್ಕೆ ಏರಿತು. ಆ ಹನ್ನೆರಡು ತಿಂಗಳಲ್ಲಿ ಇಳಿದವು ನಾಲ್ಕೇ, ಅತಿ ಕೆಟ್ಟದ್ದು ಆಗಸ್ಟ್, ಅದೂ ಶೇ 1.6 ಮಾತ್ರ. ತಿಂಗಳ ಮಾನಕ ವಿಚಲನೆ ಶೇ 2.8ರಷ್ಟು, ಕಾಕತಾಳೀಯವಾಗಿ ಅಕ್ಕನ ಅಂಕಿಗೆ ಹತ್ತಿರ. ಆ ಡಿಸೆಂಬರಿನಲ್ಲಿ ಲೆಕ್ಕ ಹಾಕಿದ ಯಾರಿಗಾದರೂ ಷೇರಿನಲ್ಲಿ ಕೆಟ್ಟ ತಿಂಗಳು ಎಂದರೆ ನೂರಕ್ಕೆ ಎರಡು ರೂಪಾಯಿಯೂ ಹೋಗದು ಎಂಬ ಭಾವನೆ ಬಂದಿರಲಿಕ್ಕೆ ಸಾಕು. ಮರುವರ್ಷ ಸೆಪ್ಟೆಂಬರಿನಲ್ಲಿ ನಿಫ್ಟಿ ಶೇ 6.4, ಅಕ್ಟೋಬರಿನಲ್ಲಿ ಮತ್ತೆ ಶೇ 5 ಬಿತ್ತು. ಎರಡೇ ತಿಂಗಳಲ್ಲಿ ಶೇ 11.

2020ರ ಹನ್ನೆರಡು ತಿಂಗಳಿಗೆ ಇದೇ ಲೆಕ್ಕ ಮಾಡಿದರೆ ಮಾನಕ ವಿಚಲನೆ ಶೇ 10. ಸೂಚ್ಯಂಕ ಅದೇ, ಸೂತ್ರವೂ ಅದೇ, ಉತ್ತರ ಮೂರೂವರೆ ಪಟ್ಟು. ಒಳಗೆ ಇಣುಕಿದರೆ ಇನ್ನೂ ಒಂದು ವಿಷಯ ಕಾಣುತ್ತದೆ: ಆ ವರ್ಷದ ವರ್ಗಗಳ ಒಟ್ಟು ಮೊತ್ತ 1,100ರಷ್ಟು, ಅದರಲ್ಲಿ 620 ಮಾರ್ಚ್ ಒಂದರದೇ. ಹನ್ನೆರಡು ತಿಂಗಳ ಏರಿಳಿತ ಎಂದು ನಾವು ಕರೆಯುವುದರಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ತಿಂಗಳ ಕಥೆ. ಸಣ್ಣ ಲೆಕ್ಕದಲ್ಲಿ ಒಂದು ಅಂಕಿ ಬಂದು ಸೇರುವುದೋ ಬಿಟ್ಟುಹೋಗುವುದೋ ಉತ್ತರವನ್ನೇ ಬದಲಿಸಿಬಿಡುತ್ತದೆ.

ಅಕ್ಕನ 2.83ಕ್ಕೂ ಅಷ್ಟೇ ಅಸ್ಪಷ್ಟತೆ ಇದೆ. ತಿಂಗಳ ಗಳಿಕೆಗಳು ಪಠ್ಯಪುಸ್ತಕದ ಗಂಟೆಯಾಕಾರದ ರೇಖೆಯಂತೆ ಹರಡಿವೆ ಎಂದು ಒಪ್ಪಿಕೊಂಡರೂ, ಹನ್ನೆರಡು ಅಂಕಿಗಳಿಂದ ಬಂದ ಮಾನಕ ವಿಚಲನೆಯನ್ನು ಒಮ್ಮೆ 0.7ರಿಂದ, ಒಮ್ಮೆ 1.7ರಿಂದ ಗುಣಿಸಿ ಸಿಗುವ ಎರಡು ಎಲ್ಲೆಗಳ ನಡುವೆ ನಿಜವಾದದ್ದು ಎಲ್ಲಾದರೂ ಇರಬಹುದು, ನೂರಕ್ಕೆ ತೊಂಬತ್ತೈದು ಸಲ ಅಲ್ಲಿ ಇರುತ್ತದೆ ಎನ್ನುತ್ತದೆ ಸಂಖ್ಯಾಶಾಸ್ತ್ರ. ಅಕ್ಕನ ಲೆಕ್ಕಕ್ಕೆ ಇದು ಶೇ 2.0ರಿಂದ 4.8. ಷೇರು ಮಾರುಕಟ್ಟೆಯ ಕುಸಿತಗಳು ಆ ಗಂಟೆಯಾಕಾರ ಒಪ್ಪುವುದಕ್ಕಿಂತ ಹೆಚ್ಚಾಗಿಯೇ ಬರುತ್ತವೆ, ಹಾಗಾಗಿ ಮೇಲಿನ ಎಲ್ಲೆಯನ್ನೂ ಕೊನೆಯ ಮಾತು ಎಂದುಕೊಳ್ಳಬಾರದು. ಹೀಗಿರುವಾಗ 2.831 ಎಂದು ಮೂರು ದಶಾಂಶ ಬರೆಯುವುದು ವ್ಯರ್ಥ. ಒಬ್ಬರ ಅಂಕಿ 2.8, ಇನ್ನೊಬ್ಬರದು 3.3 ಇದ್ದರೆ ಯಾರ ಹೂಡಿಕೆ ಹೆಚ್ಚು ಶಾಂತ ಎಂದು ಒಂದು ವರ್ಷದ ಲೆಕ್ಕದಿಂದ ಹೇಳಲಾಗದು.

ಕೆಟ್ಟ ತಿಂಗಳ ವಿಷಯದಲ್ಲಿ ಇದನ್ನು ಸೂತ್ರವಿಲ್ಲದೆಯೇ ಅರಿಯಬಹುದು. ಮಾರುಕಟ್ಟೆಯ ಸ್ವಭಾವ ಬದಲಾಗದೆ ಇನ್ನೊಂದು ವರ್ಷ ಕಳೆಯಿತು ಎಂದುಕೊಳ್ಳಿ. ಆಗ ಕೈಯಲ್ಲಿ 24 ತಿಂಗಳು. ಅವುಗಳಲ್ಲಿ ಅತಿ ಕೆಟ್ಟದ್ದು ಮೊದಲ ಹನ್ನೆರಡರಲ್ಲಿ ಇರುವ ಸಾಧ್ಯತೆ ಎಷ್ಟೋ ಎರಡನೆಯ ಹನ್ನೆರಡರಲ್ಲಿ ಇರುವ ಸಾಧ್ಯತೆಯೂ ಅಷ್ಟೇ. ಅಂದರೆ ಈ ವರ್ಷದ ಅಕ್ಟೋಬರಿಗಿಂತ ಕೆಟ್ಟ ತಿಂಗಳು ಬರುವ ವರ್ಷದಲ್ಲೇ ಎದುರಾಗುವ ಸಾಧ್ಯತೆ ಅರ್ಧಕ್ಕರ್ಧ. ಇದನ್ನು ಹೇಳಿದಾಗ ಅಕ್ಕ ಒಂದಷ್ಟು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಹಾಗಾದರೆ ನಾನು ಯಾವುದಕ್ಕೆ ತಯಾರಾಗಿರಬೇಕು?"

ಅದಕ್ಕೆ ಅವಳ ಹನ್ನೆರಡು ತಿಂಗಳಲ್ಲಿ ಉತ್ತರವಿಲ್ಲ, ಮಾರುಕಟ್ಟೆಯ ಹಳೆಯ ದಾಖಲೆಯಲ್ಲಿದೆ. ನಿಫ್ಟಿ 2008ರ ಅಕ್ಟೋಬರಿನಲ್ಲಿ ಶೇ 26, 2020ರ ಮಾರ್ಚ್‌ನಲ್ಲಿ ಶೇ 23 ಬಿದ್ದಿತ್ತು. ಈಗ ಅಕ್ಕನ ಷೇರು ಫಂಡುಗಳಲ್ಲಿ ಇರುವುದು ಏಳು ಲಕ್ಷ. ಅವು ನಿಫ್ಟಿಯ ಜೊತೆಜೊತೆಗೇ ಬೀಳುತ್ತವೆ, ಎಫ್‌ಡಿಯೂ ಚಿನ್ನವೂ ಇದ್ದಲ್ಲೇ ಇರುತ್ತವೆ ಎಂದಿಟ್ಟುಕೊಂಡರೆ, 2020ರ ಮಾರ್ಚ್‌ನಂಥ ತಿಂಗಳು ಬಂದಾಗ ಹೋಗುವುದು 1,62,750 ರೂಪಾಯಿ. ಅವಳ ಒಟ್ಟು 10,78,000ದಲ್ಲಿ ಅದು ಶೇ 15. ಅವಳ ಫಂಡುಗಳಲ್ಲಿ ಸಣ್ಣ ಕಂಪನಿಗಳ ಷೇರು ಹೆಚ್ಚಿದ್ದರೆ ಪೆಟ್ಟು ಇನ್ನೂ ಜೋರಾಗಬಹುದು. ಇದನ್ನು ಅವಳ ಹಾಳೆಯ ಕೆಳಗೆ, ಅಕ್ಟೋಬರಿನ 54,610ರ ಪಕ್ಕದಲ್ಲೇ ಬರೆಸಿದೆ. ಒಂದು ಕಂಡ ಕೆಟ್ಟ ತಿಂಗಳು, ಇನ್ನೊಂದು ಇನ್ನೂ ಕಾಣದ್ದು.

ಎರಡನೆಯ ಅಂಕಿ ನೋಡಿ ಅವಳು ಒಂದು ತೀರ್ಮಾನ ಮಾಡಿದಳು. ಪುಟ್ಟಿಯ ಎರಡನೆಯ ವರ್ಷದ ಫೀಸು ಮುಂದಿನ ಜನವರಿಯಲ್ಲಿ ಕಟ್ಟಬೇಕು, ಮತ್ತೆ ಎರಡು ಲಕ್ಷ. ಅದು ಷೇರು ಫಂಡಿನಲ್ಲಿ ಇದ್ದರೆ ಸರಿಯಾದ ಸಮಯಕ್ಕೆ ಒಂದೂವರೆ ಲಕ್ಷವಾಗಿಬಿಟ್ಟಿರಬಹುದು. ಅಷ್ಟನ್ನು ಮಾತ್ರ ಎಫ್‌ಡಿಗೆ ಸರಿಸಿ, ಉಳಿದದ್ದನ್ನು ಮುಟ್ಟದೆ ಬಿಟ್ಟಳು.

ಕೊನೆಗೆ ಒಂದು ಪ್ರಶ್ನೆ ಅವಳದೇ. "ಮುಂದಿನ ತಿಂಗಳು ಹೊಸ ಅಂಕಿ ಬಂದಾಗ ಹಳೆಯ ಏಪ್ರಿಲ್ ಅಳಿಸಲಾ?" ಬೇಡ ಅಂದೆ. ಹನ್ನೆರಡೇ ತಿಂಗಳ ಕಿಟಕಿಯಿಂದ ನೋಡುತ್ತಾ ಹೋದರೆ ಬರುವ ಅಕ್ಟೋಬರಿನಲ್ಲಿ ಹಳೆಯ ಅಕ್ಟೋಬರ್ ಆ ಕಿಟಕಿಯಿಂದ ಜಾರುತ್ತದೆ. ಉಳಿದ ಹನ್ನೊಂದು ಹಾಗೆಯೇ ಇದ್ದು, ಹೊಸದಾಗಿ ಶೇ 0.5ರ ಸಾಧಾರಣ ತಿಂಗಳು ಬಂದರೂ ಮಾನಕ ವಿಚಲನೆ 2.8ರಿಂದ 2.4ಕ್ಕೆ ಇಳಿಯುತ್ತದೆ. ಹೂಡಿಕೆಯಲ್ಲಿ ಒಂದು ರೂಪಾಯಿಯೂ ಅತ್ತಿತ್ತ ಆಗಿರುವುದಿಲ್ಲ, ಆದರೂ ಅದು ಶಾಂತವಾದಂತೆ ಕಾಣುತ್ತದೆ. ಹಾಗಾಗಿ ಅವಳ ಹಾಳೆಯಲ್ಲಿ ಈಗ ಹದಿಮೂರನೆಯ ಸಾಲು ಬಂದಿದೆ, ಹಳೆಯ ಹನ್ನೆರಡೂ ಮೇಲೆ ಇದ್ದಲ್ಲೇ ಇವೆ. ಜಮೆ ಮತ್ತು ಹಿಂತೆಗೆತಕ್ಕೆ ತಾರೀಕಿನ ಸಮೇತ ಒಂದು ಹೊಸ ಸಾಲನ್ನೂ ತೆರೆದಿದ್ದಾಳೆ. ಅದರಲ್ಲಿ ಜನವರಿ 20ರ ಎದುರಿಗೆ ಕೆಂಪು ಬಣ್ಣದಲ್ಲಿ ಬರೆದಿರುವುದು: ಪುಟ್ಟಿ ಫೀಸು, 2,00,000.